ಲ್ಯಾಗ್ ಎಲ್ಲಿಂದ ಬಂತು? ಮನೆಯಿಂದಲೋ, ಸರ್ವರ್‌ನಿಂದಲೋ?

ಆನ್‌ಲೈನ್ ಆಟದಲ್ಲಿ ಗುಂಡಿ ಒತ್ತಿ ಎಷ್ಟೋ ಹೊತ್ತಾದ ಮೇಲೆ ಆಟಗಾರ ಕದಲುತ್ತಾನೆ. ಆನ್‌ಲೈನ್ ತರಗತಿಯಲ್ಲಿ ಮೇಷ್ಟರ ಮಾತು ತುಂಡು ತುಂಡಾಗಿ ಕೇಳುತ್ತದೆ. ಈ ತಡವರಿಕೆಗೆ ಲ್ಯಾಗ್ ಎಂದು ಹೆಸರು. ಹೀಗಾದ ಕೂಡಲೇ ಕೆಲವರು ‘ಸರ್ವರ್ ಸರಿಯಿಲ್ಲ’ ಎನ್ನುತ್ತಾರೆ, ಕೆಲವರು ಇಂಟರ್‌ನೆಟ್ ಕಂಪನಿಯನ್ನು ಬೈಯುತ್ತಾರೆ. ಆದರೆ ತಪ್ಪು ಎಲ್ಲಿದೆ ಎಂಬುದನ್ನು ಅಳೆದು ನೋಡಬಹುದು. ಅದಕ್ಕೆ ಮೂರು ಅಳತೆಗಳಿವೆ: ಪಿಂಗ್, ಜಿಟ್ಟರ್ ಮತ್ತು ಪ್ಯಾಕೆಟ್ ಲಾಸ್.

ಮೂರು ಅಳತೆಗಳು

ನಿಮ್ಮ ಕಂಪ್ಯೂಟರಿನಿಂದ ಒಂದು ಪುಟ್ಟ ಪ್ಯಾಕೆಟ್ ಹೊರಟು, ದೂರದ ಯಂತ್ರವನ್ನು ಮುಟ್ಟಿ, ಉತ್ತರ ಮರಳಿ ಬರಲು ಹಿಡಿಯುವ ಸಮಯವೇ ಪಿಂಗ್. ಇದನ್ನು ಮಿಲಿಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಹೇಳುತ್ತಾರೆ. ಈ ಹೆಸರಿನ ಪ್ರೋಗ್ರಾಮನ್ನು ಅಮೆರಿಕದ ಮೈಕ್ ಮ್ಯೂಸ್ 1983ರಲ್ಲಿ ಬರೆದರು. ಸಬ್‌ಮರೀನು ಶಬ್ದ ಕಳಿಸಿ ಅದರ ಪ್ರತಿಧ್ವನಿಗೆ ಕಿವಿಗೊಡುವ ರೀತಿಯೇ ಈ ಹೆಸರಿಗೆ ಮೂಲ.

ಪಿಂಗ್ ಎಂದಿಗೂ ಸೊನ್ನೆಯಾಗದು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಿಂಧನೂರಿನಿಂದ ಮುಂಬಯಿಗೆ ನೇರ ಗೆರೆಯಲ್ಲಿ ಸುಮಾರು 550 ಕಿಲೋಮೀಟರ್. ಹೋಗಿ ಬರಲು ಬೆಳಕಿಗೇ 5 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಸಿಂಗಪುರ ಸುಮಾರು 3,400 ಕಿಲೋಮೀಟರ್ ದೂರ. ಅಲ್ಲಿಗೆ ಕನಿಷ್ಠ 34 ಬೇಕು. ಕೇಬಲ್ ಸುತ್ತುಬಳಸಿ ಸಾಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚಾಗುತ್ತದೆ. ಆಟದ ಸರ್ವರ್ ಸಿಂಗಪುರದಲ್ಲಿದ್ದು ಪಿಂಗ್ ಸದಾ 80 ಇದ್ದರೆ ಅದು ದೂರದ ಗುಣ, ಯಾರ ದೋಷವೂ ಅಲ್ಲ.

ಪಿಂಗ್ ಒಂದೇ ಸಮನೆ ಇರದೆ ಏರಿಳಿದರೆ ಆ ಏರಿಳಿತವೇ ಜಿಟ್ಟರ್. ಐದು ಪಿಂಗ್‌ಗಳು 20, 22, 21, 95, 23 ಎಂದು ಬಂದವೆನ್ನಿ. ಅವುಗಳ ಸರಾಸರಿ ಸುಮಾರು 36. ಇದನ್ನಷ್ಟೇ ನೋಡಿದರೆ ಎಲ್ಲವೂ ಚೆನ್ನಾಗಿದೆ ಎನಿಸುತ್ತದೆ. ಈಗ ಒಂದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸ ತೆಗೆಯಿರಿ: 2, 1, 74, 72. ಈ ವ್ಯತ್ಯಾಸಗಳ ಸರಾಸರಿ ಸುಮಾರು 37. ಇದೇ ಜಿಟ್ಟರ್. ಪಿಂಗ್ ಸದಾ 36ರಲ್ಲೇ ನಿಂತಿದ್ದರೆ ಆಟ ಸರಾಗವಾಗಿ ಸಾಗುತ್ತಿತ್ತು. ಇಲ್ಲಿ ಸರಾಸರಿ ಅಷ್ಟೇ ಇದ್ದರೂ ಆಟ ಜಗ್ಗುತ್ತದೆ.

ಕಳಿಸಿದ ಪ್ಯಾಕೆಟ್‌ಗಳಲ್ಲಿ ಉತ್ತರವೇ ಬಾರದವುಗಳ ಪ್ರಮಾಣ ಪ್ಯಾಕೆಟ್ ಲಾಸ್. ನೂರರಲ್ಲಿ 97ಕ್ಕೆ ಉತ್ತರ ಬಂದರೆ ನಷ್ಟ ಶೇಕಡ 3. ವಿಂಡೋಸ್ ತಾನಾಗಿ ನಾಲ್ಕೇ ಪ್ಯಾಕೆಟ್ ಕಳಿಸುತ್ತದೆ. ಆ ನಾಲ್ಕರಲ್ಲಿ ಒಂದು ತಪ್ಪಿದರೂ ಶೇಕಡ 25 ಎಂದು ತೋರಿಸಿ ಹೆದರಿಸುತ್ತದೆ. ಆದ್ದರಿಂದ ನೂರು ಕಳಿಸಿಯೇ ಲೆಕ್ಕ ಹಾಕಬೇಕು.

ಹಂತ ಹಂತವಾಗಿ ಅಳೆಯುವುದು

ಒಂದೇ ಕಡೆಗೆ ಅಳೆದರೆ ತಪ್ಪು ಎಲ್ಲಿದೆ ಎಂದು ತಿಳಿಯದು. ಮನೆಯಿಂದ ಸರ್ವರ್‌ವರೆಗಿನ ದಾರಿಯನ್ನು ಮೂರು ತುಂಡು ಮಾಡಿಕೊಳ್ಳಬೇಕು: ಮನೆಯ ರೌಟರ್‌ವರೆಗೆ, ಹೊರಗಿನ ಒಂದು ನಂಬಿಕಸ್ಥ ಯಂತ್ರದವರೆಗೆ, ಕೊನೆಗೆ ಸರ್ವರ್‌ವರೆಗೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ `ipconfig` ಎಂದು ಬರೆದರೆ `Default Gateway` ಎದುರಿಗೆ ರೌಟರಿನ ವಿಳಾಸ ಕಾಣುತ್ತದೆ. ಅದು 192.168.1.1 ಎಂದಿಟ್ಟುಕೊಳ್ಳಿ. ಹೊರಗಿನ ಯಂತ್ರಕ್ಕೆ ಗೂಗಲ್‌ನ 8.8.8.8 ಸಾಕು. ಎರಡು ಕಿಟಕಿ ತೆರೆದು, ಲ್ಯಾಗ್ ಕಾಡುತ್ತಿರುವ ಹೊತ್ತಿನಲ್ಲೇ, ಈ ಎರಡನ್ನೂ ಒಟ್ಟಿಗೆ ಓಡಿಸಿ:

```
ping -n 100 192.168.1.1
ping -n 100 8.8.8.8
```

ಕೊನೆಯಲ್ಲಿ ಬರುವ `Lost`, `Maximum`, `Average` ಇವನ್ನು ಬರೆದುಕೊಳ್ಳಿ. ವಿಂಡೋಸ್ ಜಿಟ್ಟರ್ ಹೇಳುವುದಿಲ್ಲ. ಆದರೆ `Average` 20, `Maximum` 300 ಎಂದಿದ್ದರೆ ಏರಿಳಿತವಿದೆ ಎಂಬ ಸುಳಿವು ಸಿಕ್ಕಂತೆ. ಮೂರನೆಯ ತುಂಡಿಗೆ ಆಟದ ಪರದೆಯಲ್ಲಿ ಕಾಣುವ ಪಿಂಗ್ ನೋಡಿ. ಬಹಳಷ್ಟು ಸರ್ವರ್‌ಗಳು ನೇರ ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಅಂಥ ಕಡೆ ಬರುವ `Request timed out` ಎಂಬುದನ್ನು ನಷ್ಟವೆಂದು ಎಣಿಸಬಾರದು.

ರೌಟರಿನ ಪಿಂಗ್ ಸರಾಸರಿ 18, ಗರಿಷ್ಠ 240, ನಷ್ಟ 4 ಎಂದು ಬಂದರೆ ಮುಂದೆ ಹುಡುಕಬೇಕಾಗಿಲ್ಲ. ಪ್ಯಾಕೆಟ್ ಇನ್ನೂ ಮನೆ ದಾಟಿಲ್ಲ. ತಪ್ಪು ವೈಫೈನದು. ರೌಟರಿಗೆ ತಂತಿ ಜೋಡಿಸಿ ಮತ್ತೆ ಅಳೆಯಿರಿ. 1 ಅಥವಾ 2ಕ್ಕೆ ಇಳಿದರೆ ಅದು ಖಚಿತವಾಯಿತು.

ಒಂದು ಉದಾಹರಣೆ

ಸಿಂಧನೂರಿನ ಒಂದು ಮನೆಯಲ್ಲಿ ಫೈಬರ್ ಸಂಪರ್ಕವಿದೆ ಎನ್ನೋಣ. ಆಟದ ಸರ್ವರ್ ಮುಂಬಯಿಯಲ್ಲಿದೆ. ಸಂಜೆ ಆಟ ಜಗ್ಗುತ್ತದೆ. ಅಳೆದಾಗ ರೌಟರ್ 3, ನಷ್ಟವಿಲ್ಲ. 8.8.8.8ಕ್ಕೆ ಸರಾಸರಿ 190, ಗರಿಷ್ಠ 410. ಆಟದ ಪಿಂಗ್ 205. ರೌಟರ್‌ವರೆಗೆ ಸರಿ, ಅದರಾಚೆ ಕೆಟ್ಟಿದೆ. ಹಾಗಾದರೆ ತಪ್ಪು ಕಂಪನಿಯದೇ?

ಅವಸರ ಬೇಡ. ಪಕ್ಕದ ಕೋಣೆಯಲ್ಲಿ ಅಣ್ಣನ ಮೊಬೈಲು ಮದುವೆಯ ವಿಡಿಯೋ ಅಪ್‌ಲೋಡ್ ಮಾಡುತ್ತಿದೆ. ಅದನ್ನು ನಿಲ್ಲಿಸಿ ಅಳೆದರೆ 8.8.8.8ಕ್ಕೆ 24, ಆಟಕ್ಕೆ 38. ತಪ್ಪು ಮನೆಯದೇ! ರೈಸ್ ಮಿಲ್ಲಿನ ಗೇಟಿನ ಮುಂದೆ ಭತ್ತದ ಲಾರಿಗಳು ಸಾಲುಗಟ್ಟಿದರೆ ಹಿಂದೆ ಬಂದ ಸೈಕಲ್ ಸವಾರನೂ ಕಾಯಬೇಕಲ್ಲವೇ? ಹಾಗೆಯೇ ಹೊರಹೋಗುವ ಸಾಲು ತುಂಬಿದಾಗ ಆಟದ ಪುಟ್ಟ ಪ್ಯಾಕೆಟ್ ವಿಡಿಯೋದ ಪ್ಯಾಕೆಟ್‌ಗಳ ಹಿಂದೆ ರೌಟರಿನಲ್ಲೇ ನಿಲ್ಲುತ್ತದೆ. ರೌಟರಿಗೆ ಕಳಿಸಿದ ಪಿಂಗ್ ಈ ಸಾಲಿಗೆ ಸೇರುವುದೇ ಇಲ್ಲ. ಆದ್ದರಿಂದಲೇ ಅದು 3 ಎಂದು ತೋರಿತು. ಮನೆಯ ಬೇರೆಲ್ಲ ಬಳಕೆಯನ್ನು ನಿಲ್ಲಿಸಿ ಒಮ್ಮೆ ಅಳೆಯದೆ ಹೊರಗಿನವರನ್ನು ದೂರಬಾರದು.

ಮೂರು ಊರಿನ ಸಾಕ್ಷಿ

ಮನೆ ಸರಿಯಿದ್ದೂ ಲ್ಯಾಗ್ ನಿಲ್ಲದಿದ್ದರೆ ಗೆಳೆಯರ ನೆರವು ಬೇಕು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಮೂವರು ಒಂದೇ ಹೊತ್ತಿಗೆ 8.8.8.8ಕ್ಕೂ ಅದೇ ಆಟದ ಸರ್ವರ್‌ಗೂ ಅಳೆಯಲಿ. ಮಸ್ಕಿಯವನಿಗೆ ಮಾತ್ರ ಎರಡೂ ಕೆಟ್ಟು, ಉಳಿದಿಬ್ಬರಿಗೆ ಸರಿಯಿದ್ದರೆ ಮಸ್ಕಿಯ ಸಂಪರ್ಕವನ್ನು ಪರೀಕ್ಷಿಸಬೇಕು. ಮೂವರಿಗೂ 8.8.8.8 ಚೆನ್ನಾಗಿದ್ದು ಆಟ ಮಾತ್ರ ಕೆಟ್ಟಿದ್ದರೆ ದೋಷ ಸರ್ವರಿನಲ್ಲಿ ಅಥವಾ ಅದಕ್ಕೆ ಹೋಗುವ ದಾರಿಯಲ್ಲಿದೆ. ಆದರೆ ಮೂವರೂ ಒಂದೇ ಕಂಪನಿಯ ಗಿರಾಕಿಗಳಾದರೆ ಆ ದಾರಿಯ ದೋಷವೂ ಮೂವರಿಗೂ ಸಮಾನವಾಗಿರಬಹುದು. ಆದ್ದರಿಂದ ಒಬ್ಬನಾದರೂ ಬೇರೆ ಕಂಪನಿಯವನಿರಬೇಕು. ಅವನಿಗೂ ಆಟ ಕೆಟ್ಟಿದ್ದರೆ ಸರ್ವರಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ಇನ್ನೊಂದು ಸಂಗತಿ ನೆನಪಿಡಿ. ಪಿಂಗ್ ಅಳೆಯುವುದು ದಾರಿಯನ್ನು, ಸರ್ವರಿನ ದುಡಿಮೆಯನ್ನಲ್ಲ. ಪರೀಕ್ಷಾ ಫಲಿತಾಂಶದ ದಿನ ಲಕ್ಷಾಂತರ ಮಂದಿ ಒಟ್ಟಿಗೆ ಕೇಳಿದಾಗ ಸರ್ವರಿನ ಪಿಂಗ್ ಚೆನ್ನಾಗಿಯೇ ಇದ್ದು ಪುಟ ಮಾತ್ರ ತೆರೆಯದೆ ಇರಬಹುದು. ಮೂರೂ ಅಳತೆಗಳು ಸರಿಯಾಗಿದ್ದು, ಬೇರೆ ತಾಣಗಳು ಸಲೀಸಾಗಿ ತೆರೆಯುತ್ತಿದ್ದು, ಆ ಒಂದು ಮಾತ್ರ ನಿಂತಿದ್ದರೆ ಕಾಯುವುದೇ ದಾರಿ. ರೌಟರನ್ನು ಆರಿಸಿ ಹೊತ್ತಿಸುವುದರಿಂದ ಪ್ರಯೋಜನವಿಲ್ಲ.

ಕಂಪನಿಗೆ ದೂರು ಕೊಡುವುದೇ ಆದರೆ ‘ನೆಟ್ ಸ್ಲೋ’ ಎಂದಷ್ಟೇ ಹೇಳದೆ ದಿನಾಂಕ, ವೇಳೆ, ತಂತಿ ಜೋಡಿಸಿ ಅಳೆದ ರೌಟರಿನ ಪಿಂಗ್, 8.8.8.8ರ ಸರಾಸರಿ ಮತ್ತು ನಷ್ಟ, ಇವನ್ನು ಬರೆದು ಕೊಡಿ. ಮನೆಯೊಳಗಿನ ದೋಷವಲ್ಲ ಎಂಬುದಕ್ಕೆ ಆ ಅಂಕಿಗಳೇ ಆಧಾರ.