ಇಂಗ್ಲಿಷಿಗೆ ವಾಪಸ್ ಬಂದ ಒಪ್ಪಿಗೆ ಪತ್ರ

ಹೊಸ ಔಷಧಿಯ ಪ್ರಯೋಗಕ್ಕೆ ಸೇರುವ ಮೊದಲು ರೋಗಿ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಅದು ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತ ನಮ್ಮ ದೇಶದ ನಿಯಮವೇ ಇದೆ. ಮೂಲ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತೆ. ಬೆಂಗಳೂರಿನ ಆಸ್ಪತ್ರೆಯಾದರೆ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲದರಲ್ಲೂ ಬೇಕಾಗಬಹುದು. ಆದರೆ ಪರಿಶೀಲಿಸುವ ಎಲ್ಲರಿಗೂ ಎಲ್ಲ ಭಾಷೆ ಬರಲ್ಲವಲ್ಲ! ಅದಕ್ಕೇ ಬ್ಯಾಕ್ ಟ್ರಾನ್ಸ್‌ಲೇಶನ್, ಅಂದರೆ ಮರು ಅನುವಾದ.

ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಾರೆ. ಮೂಲವನ್ನು ನೋಡಿಯೇ ಇರದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತರುತ್ತಾರೆ. ಆಮೇಲೆ ಎರಡು ಇಂಗ್ಲಿಷ್ ಪ್ರತಿಗಳನ್ನು ಸಾಲು ಸಾಲಾಗಿ ಹೋಲಿಸುವುದು. ಎರಡನೆಯವರು ಮೂಲವನ್ನು ನೋಡಿಬಿಟ್ಟರೆ, ಕನ್ನಡದ ತಪ್ಪನ್ನು ಗೊತ್ತಿಲ್ಲದೆಯೇ ತಿದ್ದಿ ಬರೆದುಬಿಡುತ್ತಾರೆ, ಪರೀಕ್ಷೆಗೆ ಅರ್ಥವೇ ಇರಲ್ಲ.

ಒಂದು ವಾಕ್ಯ ತೆಗೆದುಕೊಳ್ಳೋಣ. ಮೂಲದಲ್ಲಿ 'ಯು ಮೇ ನಾಟ್ ಬೆನಿಫಿಟ್' ಅಂತಿದೆ. ಅನುವಾದಕರು 'ನೀವು ಪ್ರಯೋಜನ ಪಡೆಯಬಾರದು' ಅಂತ ಬರೆದರು ಅನ್ನಿ. ಅದು 'ಯು ಶುಡ್ ನಾಟ್ ಬೆನಿಫಿಟ್' ಆಗಿ ವಾಪಸ್ ಬರುತ್ತೆ. ತಪ್ಪು ಅಲ್ಲೇ ಸಿಕ್ಕಿತು. ಬೇಕಿದ್ದದ್ದು 'ನಿಮಗೆ ಪ್ರಯೋಜನ ಆಗದೆಯೂ ಇರಬಹುದು'. ಇದೇ ಸಾಲು ತೆಲುಗಿನಲ್ಲೂ ಉರ್ದುವಿನಲ್ಲೂ ಎಡವಿದ್ದರೆ, ಮೂಲದ ಇಂಗ್ಲಿಷೇ ಗೊಂದಲದ್ದು ಅಂತ ಅನುಮಾನಿಸಬೇಕು. ಆಗ ಒಂದೊಂದು ಭಾಷೆಯಲ್ಲಿ ತೇಪೆ ಹಾಕುವ ಬದಲು ಮೂಲವನ್ನೇ ತಿದ್ದಿ, ಎಲ್ಲ ಭಾಷೆಗಳಲ್ಲೂ ಆ ಸಾಲನ್ನು ಮತ್ತೆ ಮಾಡಿಸುವುದು ಸರಿ.

ಈಗ ಇನ್ನೊಂದು ಸಾಲು: 'ನಿಮ್ಮನ್ನು ಯಾದೃಚ್ಛಿಕವಾಗಿ ಒಂದು ಗುಂಪಿಗೆ ಹಂಚಲಾಗುವುದು.' ಇದು 'ರ‍್ಯಾಂಡಮ್ಲಿ' ಆಗಿ ಚೆನ್ನಾಗಿಯೇ ವಾಪಸ್ ಬರುತ್ತೆ, ಪರೀಕ್ಷೆ ಪಾಸ್. ಆದರೆ ಹಳ್ಳಿಯಿಂದ ಬಂದ ಅಜ್ಜನಿಗೆ 'ಯಾದೃಚ್ಛಿಕ' ಅಂದರೆ ಏನು ತಿಳಿಯಬೇಕು? ಪದಕ್ಕೆ ಪದ ಇಟ್ಟ ಅನುವಾದವೇ ಇಲ್ಲಿ ಸುಲಭವಾಗಿ ಗೆಲ್ಲುತ್ತೆ. 'ನಿಮಗೆ ಯಾವ ಔಷಧಿ ಅಂತ ಡಾಕ್ಟರು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ' ಅಂತ ಬರೆದರೆ ಅವರಿಗೆ ಅರ್ಥವಾಗುತ್ತೆ. ಆದರೆ ವಾಪಸ್ ಬಂದ ಇಂಗ್ಲಿಷ್ ಮೂಲದ ಹಾಗೆ ಕಾಣಲ್ಲ. ಆದ್ದರಿಂದ ಹೋಲಿಸುವವರು ಪದಗಳನ್ನಲ್ಲ, ಅರ್ಥವನ್ನು ನೋಡಬೇಕು.

ಮರು ಅನುವಾದ ಹಿಡಿಯುವುದು ಅರ್ಥ ಬದಲಾಗಿರುವುದನ್ನು. ಓದುವವರಿಗೆ ಅರ್ಥ ಆಯಿತಾ ಅನ್ನುವುದು ಅದಕ್ಕೆ ಗೊತ್ತಾಗಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು: ರೋಗಿಗಳಂಥದೇ ಹಿನ್ನೆಲೆಯ ಕೆಲವರಿಗೆ ಪತ್ರ ಓದಿ ಹೇಳಿ, 'ನಿಮಗೆ ಯಾವ ಔಷಧಿ ಕೊಡಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ?' ಅಂತ ಕೇಳುವುದು. 'ಡಾಕ್ಟರೇ ನೋಡಿ ಕೊಡ್ತಾರೆ' ಅನ್ನುವ ಉತ್ತರ ಬಂದರೆ, ಆ ಸಾಲನ್ನು ಮತ್ತೆ ಬರೆಯಬೇಕು, ಮರು ಅನುವಾದ ಎಷ್ಟೇ ಚೆನ್ನಾಗಿ ಹೊಂದಿದ್ದರೂ.