ದಾರಿ ತಪ್ಪಿದ ಕುದುರೆ ಮನೆಗೆ ಮರಳುವುದು ಯಾವಾಗ?

ಖಾಲಿ ಚದುರಂಗದ ಮಣೆಯ ಒಂದು ಮೂಲೆಮನೆಯಲ್ಲಿ ಕುದುರೆಯೊಂದನ್ನು ಇಡಿ. ಮಣೆಯ ಮೇಲೆ ಬೇರೆ ಯಾವ ಕಾಯಿಯೂ ಇಲ್ಲ. ಕುದುರೆಯನ್ನು ಅದರ ನಿಯಮದಂತೆಯೇ ನಡೆಸಬೇಕು. ಆದರೆ ಯಾವ ಮನೆಗೆ ಎಂಬುದನ್ನು ನೀವು ಆಲೋಚಿಸಿ ತೀರ್ಮಾನಿಸಬಾರದು. ಆ ಕ್ಷಣದಲ್ಲಿ ಸಾಧ್ಯವಿರುವ ನಡೆಗಳಲ್ಲಿ ಒಂದನ್ನು ಚೀಟಿ ಎತ್ತಿ ಆರಿಸಬೇಕು. ಹೀಗೆ ಗೊತ್ತುಗುರಿಯಿಲ್ಲದೆ ಅಲೆಯುವ ಕುದುರೆ ಮತ್ತೆ ಅದೇ ಮೂಲೆಗೆ ಬರಲು ಸರಾಸರಿ ಎಷ್ಟು ನಡೆಗಳು ಬೇಕು?

ಮಣೆಯಲ್ಲಿ 64 ಮನೆಗಳಿರುವುದರಿಂದ ‘ಸುಮಾರು 64’ ಎಂದು ಹಲವರು ಊಹಿಸುತ್ತಾರೆ. ಸರಿಯಾದ ಉತ್ತರ 168. ಸುಮಾರು ಅಲ್ಲ, ಸರಾಸರಿ ನಿಖರವಾಗಿ 168. ಇದನ್ನು ಕಂಡುಹಿಡಿಯಲು ಕಂಪ್ಯೂಟರ್ ಬೇಡ, ಸಮೀಕರಣಗಳ ಸಾಲೂ ಬೇಡ. ಒಂದು ಕೂಡಿಕೆ, ಒಂದು ಭಾಗಾಕಾರ ಸಾಕು. ಅದು ಹೇಗೆಂದು ತಿಳಿಯಲು ಮೊದಲು ಮಣೆಯನ್ನು ಬದಿಗಿಟ್ಟು ಚಿಕ್ಕ ಉದಾಹರಣೆಯೊಂದನ್ನು ನೋಡೋಣ.

ನಾಲ್ಕು ಊರುಗಳ ಜಾಲ

ಕ, ಚ, ಟ, ತ ಎಂಬ ನಾಲ್ಕು ಊರುಗಳಿವೆ. ಕ, ಚ, ಟ ಊರುಗಳು ಒಂದಕ್ಕೊಂದು ರಸ್ತೆಯಿಂದ ಸೇರಿ ತ್ರಿಕೋನವಾಗಿವೆ. ತ ಊರಿಗೆ ಟ ಊರಿನಿಂದ ಮಾತ್ರ ರಸ್ತೆಯಿದೆ, ಅದರಾಚೆಗೆ ದಾರಿಯಿಲ್ಲ. ಕಾಗದದ ಮೇಲೆ ಈ ಚಿತ್ರವನ್ನು ಬರೆದುಕೊಳ್ಳಿ. ಗಣಿತದಲ್ಲಿ ಇಂಥ ಚಿತ್ರವನ್ನು ಗ್ರಾಫ್ ಅಥವಾ ಜಾಲ ಎನ್ನುತ್ತಾರೆ. ಊರುಗಳು ಅದರ ಶೃಂಗಗಳು, ರಸ್ತೆಗಳು ಅದರ ಅಂಚುಗಳು. ಒಂದು ಶೃಂಗಕ್ಕೆ ಎಷ್ಟು ಅಂಚುಗಳು ಸೇರುತ್ತವೆಯೋ ಅದು ಆ ಶೃಂಗದ ದರ್ಜೆ. ನಮ್ಮ ಜಾಲದಲ್ಲಿ ಕ ಮತ್ತು ಚ ಊರುಗಳ ದರ್ಜೆ 2, ಟ ಊರಿನದು 3, ತ ಊರಿನದು 1. ಒಟ್ಟು 8. ರಸ್ತೆಗಳು ನಾಲ್ಕೇ ಇದ್ದರೂ ಪ್ರತಿ ರಸ್ತೆಯೂ ತನ್ನ ಎರಡು ತುದಿಗಳಲ್ಲಿ ಒಮ್ಮೊಮ್ಮೆ ಎಣಿಕೆಯಾಗುವುದರಿಂದ ಮೊತ್ತ 8 ಆಯಿತು.

ಈಗ ಈ ಊರುಗಳಲ್ಲಿ 800 ಅಲೆಮಾರಿಗಳಿದ್ದಾರೆ ಎಂದುಕೊಳ್ಳಿ. ದಿನಕ್ಕೊಮ್ಮೆ ಪ್ರತಿಯೊಬ್ಬನೂ ತಾನಿರುವ ಊರಿನಿಂದ ಹೊರಡುವ ರಸ್ತೆಗಳಲ್ಲಿ ಒಂದನ್ನು, ಯಾವುದಕ್ಕೂ ಪಕ್ಷಪಾತವಿಲ್ಲದೆ, ಆರಿಸಿ ಪಕ್ಕದ ಊರಿಗೆ ಹೋಗುತ್ತಾನೆ. ಈ ಬಗೆಯ ಸಂಚಾರಕ್ಕೆ ಯಾದೃಚ್ಛಿಕ ನಡಿಗೆ ಎಂದು ಹೆಸರು. ಮೊದಲ ದಿನ ಅವರನ್ನು ದರ್ಜೆಯ ಪ್ರಮಾಣದಲ್ಲಿ ಹಂಚಿಬಿಡೋಣ: ಕ ಊರಿನಲ್ಲಿ 200, ಚ ಊರಿನಲ್ಲಿ 200, ಟ ಊರಿನಲ್ಲಿ 300, ತ ಊರಿನಲ್ಲಿ 100. ಮರುದಿನ ಏನಾಗುತ್ತದೆ?

ಟ ಊರಿಗೆ ಕ ಊರಿನ ಅರ್ಧ ಜನ, ಎಂದರೆ ಸರಾಸರಿ 100 ಮಂದಿ ಬರುತ್ತಾರೆ. ಚ ಊರಿನಿಂದಲೂ 100. ತ ಊರಿನವರಿಗೆ ಬೇರೆ ದಾರಿಯಿಲ್ಲದ್ದರಿಂದ ಅಲ್ಲಿಯ 100 ಮಂದಿಯೂ ಬರುತ್ತಾರೆ. ಒಟ್ಟು 300. ತ ಊರಿಗೆ ಟ ಊರಿನ ಮೂರನೆಯ ಒಂದು ಭಾಗ, ಎಂದರೆ 100. ಕ ಊರಿಗೆ ಚ ಊರಿನಿಂದ 100, ಟ ಊರಿನಿಂದ 100, ಒಟ್ಟು 200. ಚ ಊರಿಗೂ ಹಾಗೆಯೇ. ಎಲ್ಲರೂ ಊರು ಬದಲಿಸಿದ್ದಾರೆ, ಆದರೆ ಊರುಗಳ ಜನಸಂಖ್ಯೆ ಸರಾಸರಿಯಲ್ಲಿ ನಿನ್ನೆಯಂತೆಯೇ ಇದೆ! ಹೀಗೆ ನಡಿಗೆಯಿಂದ ಕದಲದ ಹಂಚಿಕೆಗೆ ಸ್ಥಾಯೀ ವಿತರಣೆ ಎನ್ನುತ್ತಾರೆ.

ಇದರ ಗುಟ್ಟು ರಸ್ತೆಗಳಲ್ಲಿದೆ

ಮೇಲಿನ ಲೆಕ್ಕದಲ್ಲಿ ಒಂದು ಸಂಗತಿಯನ್ನು ಗಮನಿಸಿದಿರಾ? ಪ್ರತಿ ರಸ್ತೆಯಲ್ಲೂ ಪ್ರತಿ ದಿಕ್ಕಿಗೂ 100 ಮಂದಿಯೇ ನಡೆದರು. ಇದು ಕಾಕತಾಳೀಯವಲ್ಲ. ದರ್ಜೆಯ ಪ್ರಮಾಣದಲ್ಲಿ ಜನರನ್ನು ಹಂಚುವುದೆಂದರೆ ಪ್ರತಿ ಊರಿನಲ್ಲಿ ಹೊರಡುವ ಒಂದೊಂದು ರಸ್ತೆಗೂ ಸಮ ಸಂಖ್ಯೆಯ ಜನರನ್ನು ನಿಲ್ಲಿಸಿದಂತೆ. ಕ ಊರಿನಿಂದ ಟ ಊರಿಗೆ ಹೋದಷ್ಟೇ ಜನ ಅದೇ ರಸ್ತೆಯಲ್ಲಿ ಟ ಊರಿನಿಂದ ಕ ಊರಿಗೆ ಬರುತ್ತಾರೆ. ರಸ್ತೆ ರಸ್ತೆಯಲ್ಲೂ ಕೊಟ್ಟದ್ದು ಮತ್ತು ಪಡೆದದ್ದು ಸರಿಹೋಗುವುದರಿಂದ ಯಾವ ಊರಿಗೂ ಲಾಭವಿಲ್ಲ, ನಷ್ಟವೂ ಇಲ್ಲ.

ಈ ವಾದದಲ್ಲಿ ಜಾಲದ ಆಕಾರ ಎಲ್ಲಿಯೂ ಬರಲಿಲ್ಲ ಎಂಬುದು ಮುಖ್ಯ. ಊರು ಜಾಲದ ನಡುವೆ ಇದೆಯೋ ಅಂಚಿನಲ್ಲಿದೆಯೋ, ನೆರೆಯ ಊರುಗಳು ದೊಡ್ಡವೋ ಚಿಕ್ಕವೋ ಎಂದು ನಾವು ಕೇಳಲಿಲ್ಲ. ಒಂದು ಶೃಂಗದ ಪಾಲು = ಅದರ ದರ್ಜೆ ÷ ಎಲ್ಲ ದರ್ಜೆಗಳ ಮೊತ್ತ. ಜಾಲ ಒಡೆಯದೆ ಒಂದೇ ತುಂಡಾಗಿದ್ದರೆ ಇದೊಂದೇ ಸ್ಥಾಯೀ ವಿತರಣೆ, ಬೇರೊಂದಿರದು. ಆಗ ಒಬ್ಬನೇ ಅಲೆಮಾರಿ ಬಹು ಕಾಲ ಅಲೆದರೂ ಅವನು ಪ್ರತಿ ಊರಿನಲ್ಲಿ ಕಳೆಯುವ ದಿನಗಳ ಪಾಲು ಇದೇ ಆಗಿರುತ್ತದೆ.

ಇದನ್ನು ತರಗತಿಯಲ್ಲಿ ಮಾಡಿ ನೋಡಬಹುದು. ಕ ಅಥವಾ ಚ ಊರಿನಲ್ಲಿದ್ದಾಗ ನಾಣ್ಯ ಚಿಮ್ಮಿ. ಟ ಊರಿನಲ್ಲಿದ್ದಾಗ ದಾಳ ಎಸೆದು, 1-2 ಬಿದ್ದರೆ ಕ, 3-4 ಬಿದ್ದರೆ ಚ, 5-6 ಬಿದ್ದರೆ ತ ಊರಿಗೆ ಹೋಗಿ. ಒಬ್ಬ ವಿದ್ಯಾರ್ಥಿಯ 80 ನಡೆಗಳ ಎಣಿಕೆ 20, 20, 30, 10ರಿಂದ ಸಾಕಷ್ಟು ಆಚೀಚೆ ಇರಬಹುದು. ಇಡೀ ತರಗತಿಯ ಎಣಿಕೆಗಳನ್ನು ಕೂಡಿಸಿದಾಗ 2:2:3:1 ಪ್ರಮಾಣ ಎದ್ದು ಕಾಣುತ್ತದೆ.

ಮತ್ತೆ ಮಣೆಗೆ

ಮಣೆಯ 64 ಮನೆಗಳೇ ಶೃಂಗಗಳು. ಒಂದು ಮನೆಯಿಂದ ಇನ್ನೊಂದಕ್ಕೆ ಕುದುರೆ ಹಾರಬಹುದಾದರೆ ಅವುಗಳ ನಡುವೆ ಒಂದು ಅಂಚು. ಮೂಲೆಯ 4 ಮನೆಗಳಿಂದ ತಲಾ 2 ನಡೆಗಳು ಸಾಧ್ಯ. ಮಣೆಯ ಅಂಚಿನಲ್ಲಿ ಮೂಲೆಗೆ ತಾಗಿರುವ 8 ಮನೆಗಳಿಂದ ತಲಾ 3. ಅಂಚಿನ ಉಳಿದ 16 ಮನೆಗಳು ಮತ್ತು ಮೂಲೆಗಳಿಗೆ ಕರ್ಣದಲ್ಲಿ ತಾಗಿರುವ 4 ಮನೆಗಳು, ಹೀಗೆ 20 ಮನೆಗಳಿಂದ ತಲಾ 4. ಎರಡನೆಯ ಸುತ್ತಿನ ಉಳಿದ 16 ಮನೆಗಳಿಂದ ತಲಾ 6. ನಡುವಿನ 16 ಮನೆಗಳಿಂದ ತಲಾ 8. ಕೂಡಿಸಿದರೆ

8 + 24 + 80 + 96 + 128 = 336.

ಆದ್ದರಿಂದ ಒಂದು ಮೂಲೆಮನೆಯ ಪಾಲು 2/336, ಎಂದರೆ 1/168. ಕುದುರೆ 3,36,000 ನಡೆಗಳನ್ನು ನಡೆದರೆ ಆ ಮೂಲೆಗೆ ಸುಮಾರು 2,000 ಸಲ ಬರುತ್ತದೆ. ಎರಡು ಭೇಟಿಗಳ ನಡುವಿನ ಸರಾಸರಿ ಅಂತರ 168 ನಡೆಗಳು. ನಡುವಿನ ಮನೆಯೊಂದರಿಂದ ಹೊರಟರೆ ಮರಳಲು ಬೇಕಾಗುವುದು ಸರಾಸರಿ 336/8, ಎಂದರೆ 42 ನಡೆಗಳು ಮಾತ್ರ. ಆನೆಗೆ ಖಾಲಿ ಮಣೆಯ ಯಾವ ಮನೆಯಿಂದಲೂ 14 ನಡೆಗಳಿರುವುದರಿಂದ ಎಲ್ಲ ಮನೆಗಳ ಪಾಲೂ ಸಮ. ಮೊದಲ ಊಹೆಯ 64 ಎಂಬ ಉತ್ತರ ಆನೆಗೆ ಸರಿ, ಕುದುರೆಗಲ್ಲ.

ಎಚ್ಚರ ವಹಿಸಬೇಕಾದ ಕಡೆಗಳು

‘ಬಹಳ ನಡೆಗಳ ನಂತರ ಕುದುರೆ ಮೂಲೆಯಲ್ಲಿರುವ ಸಂಭಾವ್ಯತೆ 1/168’ ಎಂದು ಹೇಳಬಹುದೆ? ಹೇಳುವಂತಿಲ್ಲ. ಕುದುರೆ ಪ್ರತಿ ನಡೆಯಲ್ಲೂ ಬಣ್ಣ ಬದಲಿಸುತ್ತದೆ. ಕಪ್ಪು ಮೂಲೆಯಿಂದ ಹೊರಟರೆ ಬೆಸ ಸಂಖ್ಯೆಯ ನಡೆಗಳ ನಂತರ ಅದು ಖಂಡಿತ ಬಿಳಿ ಮನೆಯಲ್ಲಿರುತ್ತದೆ. ಆಗ ಆ ಮೂಲೆಯಲ್ಲಿರುವ ಸಂಭಾವ್ಯತೆ ಸೊನ್ನೆ. ಸಮ ಸಂಖ್ಯೆಯ ನಡೆಗಳ ನಂತರ ಅದು 1/84ರ ಹತ್ತಿರ ಬರುತ್ತದೆ. ಇವೆರಡರ ಸರಾಸರಿಯೇ 1/168. ಕಾಲದ ಸರಾಸರಿಯ ಬಗ್ಗೆ ನಾವು ಹೇಳಿದ್ದು ನಿಜ, ಆದರೆ ಒಂದು ನಿರ್ದಿಷ್ಟ ನಡೆಯ ಬಗ್ಗೆ ಅಲ್ಲ. ಈ ತೊಡಕು ಇದೆಯೇ ಎಂದು ತಿಳಿಯುವುದು ಸುಲಭ: ಬೆಸ ಸಂಖ್ಯೆಯ ಹೆಜ್ಜೆಗಳಲ್ಲಿ ಹೊರಟಲ್ಲಿಗೇ ಮರಳುವ ಸುತ್ತು ಜಾಲದಲ್ಲಿ ಒಂದಾದರೂ ಇದ್ದರೆ ತೊಡಕಿಲ್ಲ. ನಮ್ಮ ನಾಲ್ಕು ಊರುಗಳಲ್ಲಿ ತ್ರಿಕೋನವಿದೆ, ಮೂರು ಹೆಜ್ಜೆಗಳ ಸುತ್ತು. ಅಲ್ಲಿ ಎಲ್ಲಿಂದ ಹೊರಟರೂ ಸಂಭಾವ್ಯತೆಗಳು ಕ್ರಮೇಣ ಸ್ಥಾಯೀ ವಿತರಣೆಗೆ ಬಂದು ನಿಲ್ಲುತ್ತವೆ.

ಇನ್ನೊಂದು, ರಸ್ತೆಗಳು ಎರಡೂ ದಿಕ್ಕಿಗೆ ತೆರೆದಿರಬೇಕು. ಕ ಊರಿನಿಂದ ಚ ಊರಿಗೆ ಹೋಗುವ ರಸ್ತೆಯನ್ನು ಏಕಮುಖವಾಗಿಸಿ ನೋಡಿ; ಚ ಊರಿನಿಂದ ಕ ಊರಿಗೆ ಹೋಗುವಂತಿಲ್ಲ. ಈಗ ಕ, ಚ, ಟ, ತ ಊರುಗಳ ಸ್ಥಾಯೀ ಪಾಲುಗಳ ಪ್ರಮಾಣ 2:3:6:2 ಆಗುತ್ತದೆ. ಹೊರಹೋಗುವ ದಾರಿಗಳು ಕ್ರಮವಾಗಿ 2, 1, 3, 1. ಒಳಬರುವ ದಾರಿಗಳು 1, 2, 3, 1. ಪ್ರಮಾಣ ಎರಡಕ್ಕೂ ಹೊಂದುವುದಿಲ್ಲ. ರಸ್ತೆಯಲ್ಲಿ ಕೊಟ್ಟು ಪಡೆಯುವ ಸಮತೋಲ ಮುರಿದ ಕೂಡಲೆ ದರ್ಜೆಯ ಸರಳ ಸೂತ್ರವೂ ಮುರಿಯುತ್ತದೆ. ಅಂತರಜಾಲದ ಪುಟಗಳ ಕೊಂಡಿಗಳು ಇಂಥ ಏಕಮುಖ ದಾರಿಗಳೇ. ಬ್ರಿನ್ ಮತ್ತು ಪೇಜ್ 1998ರಲ್ಲಿ ವಿವರಿಸಿದ ಪೇಜ್‌ರ್‍ಯಾಂಕ್ ವಿಧಾನದಲ್ಲಿ ಕೊಂಡಿಗಳನ್ನು ಬರಿದೇ ಎಣಿಸದೆ, ಮರುಮರು ಲೆಕ್ಕದಿಂದ ಪಾಲುಗಳನ್ನು ಕಂಡುಹಿಡಿಯಬೇಕಾಗುವುದು ಇದರಿಂದಲೇ.

ಸಮೀಕ್ಷೆಯಲ್ಲೊಂದು ಪಾಠ

ಕೆಲವು ಸಮುದಾಯಗಳ ಸದಸ್ಯರ ಪಟ್ಟಿ ಯಾರ ಬಳಿಯೂ ಇರುವುದಿಲ್ಲ. ಮಾದಕ ದ್ರವ್ಯಗಳನ್ನು ಚುಚ್ಚಿಕೊಳ್ಳುವವರಲ್ಲಿ ಸೋಂಕು ಎಷ್ಟಿದೆ ಎಂದು ತಿಳಿಯಬೇಕಾದರೆ ಯಾರನ್ನು ಕೇಳುವುದು? ಒಬ್ಬರು ತಮ್ಮ ಪರಿಚಯದವರನ್ನು, ಅವರು ತಮ್ಮ ಪರಿಚಯದವರನ್ನು ಕರೆತರುವ ವಿಧಾನವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ಲಾಸ್ ಹೆಕಥಾರ್ನ್ 1997ರಲ್ಲಿ ಮುಂದಿಟ್ಟರು. ಇದು ಪರಿಚಯಗಳ ಜಾಲದ ಮೇಲಿನ ನಡಿಗೆಯನ್ನು ಹೋಲುತ್ತದೆ. ಹಾಗಾಗಿ ಹೆಚ್ಚು ಪರಿಚಯಸ್ಥರು ಇರುವವರು ಹೆಚ್ಚು ಸಲ ಸಿಗುತ್ತಾರೆ. ಅಂಥವರಿಗೆ ಸೋಂಕು ತಗಲುವ ಅವಕಾಶವೂ ಹೆಚ್ಚಿದ್ದರೆ, ಸಿಕ್ಕವರನ್ನು ನೇರವಾಗಿ ಎಣಿಸಿದ ಉತ್ತರ ನಿಜಕ್ಕಿಂತ ದೊಡ್ಡದಾಗುತ್ತದೆ.

ಪರಿಹಾರ ನಮ್ಮ ಸೂತ್ರದಲ್ಲೇ ಇದೆ. ಪ್ರತಿಯೊಬ್ಬರನ್ನೂ ‘ಒಂದು’ ಎಂದು ಎಣಿಸುವ ಬದಲು ‘1 ÷ ಪರಿಚಯಸ್ಥರ ಸಂಖ್ಯೆ’ ಎಂದು ಎಣಿಸಬೇಕು. 800 ಅಲೆಮಾರಿಗಳಲ್ಲಿ ಇದನ್ನು ಪರೀಕ್ಷಿಸಿ: 200/2, 200/2, 300/3, 100/1. ನಾಲ್ಕೂ 100! ದರ್ಜೆಯ ಪಕ್ಷಪಾತ ಅಳಿದು ಎಲ್ಲ ಊರುಗಳೂ ಸಮವಾದವು. ವೋಲ್ಜ್ ಮತ್ತು ಹೆಕಥಾರ್ನ್ 2008ರಲ್ಲಿ ಪ್ರಕಟಿಸಿದ ಅಂದಾಜಿನ ವಿಧಾನದ ತಿರುಳು ಇದೇ ಭಾಗಾಕಾರ. ಆದರೆ ಜನ ತಮ್ಮ ಪರಿಚಯಸ್ಥರ ಸಂಖ್ಯೆಯನ್ನು ತಪ್ಪಾಗಿ ಹೇಳಿದರೆ, ಇಲ್ಲವೆ ಚೀಟಿ ಎತ್ತಿದಂತೆ ಆರಿಸದೆ ಆಪ್ತರನ್ನೇ ಕರೆತಂದರೆ, ಭಾಗಾಕಾರ ಸರಿಯಿದ್ದರೂ ಉತ್ತರ ತಪ್ಪಾಗುತ್ತದೆ.

ಕೊನೆಗೆ ನಿಮಗೆ ಎರಡು ಲೆಕ್ಕಗಳು. ಕುದುರೆಯ ಬದಲು ರಾಜನನ್ನು ಮೂಲೆಯಲ್ಲಿಟ್ಟರೆ ಮರಳಲು ಸರಾಸರಿ ಎಷ್ಟು ನಡೆಗಳು ಬೇಕು? ಒಂಟೆಯನ್ನಿಟ್ಟರೆ? ಖಾಲಿ ಮಣೆಯಲ್ಲಿ ಒಂಟೆಯ ದರ್ಜೆಗಳ ಮೊತ್ತ 560, ಮೂಲೆಯಲ್ಲಿ ಅದರ ದರ್ಜೆ 7. ಆದರೆ 80 ಎಂದು ಅವಸರದಿಂದ ಬರೆದುಬಿಡಬೇಡಿ. ಒಂಟೆ ಎಂದಾದರೂ ಬಣ್ಣ ಬದಲಿಸುತ್ತದೆಯೆ ಎಂದು ಮೊದಲು ಯೋಚಿಸಿ.

(ಉತ್ತರ: ರಾಜನಿಗೆ 420/3 = 140. ಒಂಟೆಗೆ ಮಣೆಯು ಬಣ್ಣಕ್ಕೊಂದರಂತೆ ಎರಡು ಬೇರೆ ಬೇರೆ ಜಾಲಗಳು; ಆದ್ದರಿಂದ 280/7 = 40.)