ಒಂದೇ ದಿನ ತಡೆದರೆ ಮೂವತ್ತು ದಿನ ಲಾಭ

ದಾವಣಗೆರೆಯ ಶಿಕ್ಷಕಿಯೊಬ್ಬರು ಜುಲೈ 15ರಂದು ಕ್ರೆಡಿಟ್ ಕಾರ್ಡ್ ಕೊಟ್ಟು 30,000 ರೂಪಾಯಿಯ ವಾಷಿಂಗ್ ಮಷೀನ್ ಕೊಳ್ಳುತ್ತಾರೆ ಎಂದುಕೊಳ್ಳಿ. ಆ ಹಣವನ್ನು ಅವರು ಆಗಸ್ಟ್ 4ರೊಳಗೆ ಕಟ್ಟಬೇಕು. ಅದೇ ಮಷೀನನ್ನು ಮರುದಿನ ಕೊಂಡಿದ್ದರೆ ಸೆಪ್ಟೆಂಬರ್ 4ರವರೆಗೂ ಕಾಲಾವಕಾಶ ಸಿಗುತ್ತಿತ್ತು. ಬಡ್ಡಿಯಿಲ್ಲದ ಅವಧಿ ಮೊದಲ ಲೆಕ್ಕದಲ್ಲಿ 20 ದಿನ, ಎರಡನೆಯದರಲ್ಲಿ 50 ದಿನ.

ಇಷ್ಟು ವ್ಯತ್ಯಾಸವಾಗಲು ಕಾರಣ ಅವರ ಕಾರ್ಡಿನ ಬಿಲ್ಲಿಂಗ್ ಸೈಕಲ್. ಅದು ಪ್ರತಿ ತಿಂಗಳು 16ರಿಂದ ಮುಂದಿನ ತಿಂಗಳ 15ರವರೆಗೆ ನಡೆಯುತ್ತದೆ. ಈ ಅವಧಿಯ ಖರ್ಚನ್ನೆಲ್ಲ ಕೂಡಿಸಿ ಬ್ಯಾಂಕು 15ರಂದು ಬಿಲ್ ತಯಾರಿಸುತ್ತದೆ. ಅದು ಸ್ಟೇಟ್‌ಮೆಂಟ್ ದಿನಾಂಕ. ಅಲ್ಲಿಂದ ಇಪ್ಪತ್ತು ದಿನಕ್ಕೆ ಬರುವುದು ಡ್ಯೂ ಡೇಟ್, ಅಂದರೆ ಹಣ ಕಟ್ಟಲು ಕೊನೆಯ ದಿನ. ಜಾಹೀರಾತಿನಲ್ಲಿ ಕಾಣುವ ‘50 ದಿನ ಬಡ್ಡಿರಹಿತ’ ಎಂಬ ಮಾತು ಸೈಕಲ್ಲಿನ ಮೊದಲ ದಿನದ ಖರೀದಿಗೆ ಮಾತ್ರ ಪೂರ್ತಿ ನಿಜ. ಆಮೇಲೆ ದಿನಕ್ಕೊಂದರಂತೆ ಅದು ಕರಗುತ್ತಾ ಹೋಗುತ್ತದೆ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಕಾರ್ಡ್ ಉಜ್ಜಿದ ದಿನವೇ ವ್ಯವಹಾರ ಖಾತೆಗೆ ಏರಬೇಕೆಂದಿಲ್ಲ, ಒಂದೆರಡು ದಿನ ತಡವಾಗಬಹುದು. ಹಾಗಾಗಿ 14 ಅಥವಾ 15ರಂದು ಮಾಡಿದ ಖರ್ಚು ಯಾವ ಬಿಲ್ಲಿಗೆ ಸೇರಿದೆ ಎಂಬುದನ್ನು ಸ್ಟೇಟ್‌ಮೆಂಟ್ ನೋಡಿಯೇ ಖಚಿತಪಡಿಸಿಕೊಳ್ಳಬೇಕು.

ಜನ ನಿಜವಾಗಿ ಪೆಟ್ಟು ತಿನ್ನುವುದು ಬೇರೆ ಕಡೆ. ಆ ಶಿಕ್ಷಕಿ 16ರಂದೇ ಕೊಂಡರು, ಸೆಪ್ಟೆಂಬರ್ 4ರಂದು 20,000 ಕಟ್ಟಿ 10,000 ಉಳಿಸಿಕೊಂಡರು ಎನ್ನಿ. ಬಡ್ಡಿ ಸೆಪ್ಟೆಂಬರ್ 5ರಿಂದ ಶುರುವಾಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಉಳಿದ ಹಣಕ್ಕೆ ಬಡ್ಡಿ ಖರೀದಿಯ ದಿನದಿಂದಲೇ, ಅಂದರೆ ಜುಲೈ 16ರಿಂದ ಬೀಳುತ್ತದೆ. ತಿಂಗಳಿಗೆ ಶೇ 3.5ರಂತೆ, ವರ್ಷಕ್ಕೆ ಶೇ 42 ಎಂದು ಹಿಡಿದರೆ, ಆ 50 ದಿನಕ್ಕೇ ಸುಮಾರು 575 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಬಾಕಿ ತೀರುವವರೆಗೆ ಹೊಸ ಖರೀದಿಗಳಿಗೂ ಬಡ್ಡಿರಹಿತ ದಿನಗಳಿಲ್ಲ. ಕೊಂಡ ದಿನದಿಂದಲೇ ಬಡ್ಡಿ. ಬಿಲ್ಲಿನಲ್ಲಿ ನಮೂದಾಗುವ ‘ಮಿನಿಮಮ್ ಡ್ಯೂ’ ಮಾತ್ರ ಕಟ್ಟಿದರೆ ತಡಪಾವತಿ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಎಟಿಎಮ್ಮಿನಲ್ಲಿ ಕಾರ್ಡ್ ಹಾಕಿ ನಗದು ತೆಗೆದರಂತೂ ಬಡ್ಡಿರಹಿತ ಅವಧಿಯ ಪ್ರಶ್ನೆಯೇ ಇಲ್ಲ.

ಸಂಬಳ 1ನೇ ತಾರೀಕಿಗೆ ಬರುವವರಿಗೆ ಡ್ಯೂ ಡೇಟ್ 27 ಅಥವಾ 28ಕ್ಕೆ ಬಿದ್ದರೆ ಪ್ರತಿ ತಿಂಗಳೂ ಪರದಾಟ. ಇದಕ್ಕೆ ದಾರಿಯಿದೆ: ಗ್ರಾಹಕರು ಬಿಲ್ಲಿಂಗ್ ಸೈಕಲ್ಲನ್ನು ಕನಿಷ್ಠ ಒಂದು ಬಾರಿ ತಮಗೆ ಬೇಕಾದಂತೆ ಬದಲಿಸಿಕೊಳ್ಳಲು ಬ್ಯಾಂಕುಗಳು ಅವಕಾಶ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಸ್ಟೇಟ್‌ಮೆಂಟ್ ದಿನಾಂಕವನ್ನು 15ರ ಆಸುಪಾಸಿಗೆ ತರುವಂತೆ ಕೇಳಿ. ಡ್ಯೂ ಡೇಟ್ ತಾನಾಗಿ ಸಂಬಳದ ನಂತರಕ್ಕೆ ಬರುತ್ತದೆ.